ಇನ್ನೂರು ಪುಟಕ್ಕೆ 492 ಅಂಕಿ

ಸೀಸದ ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಇನ್ನೂರು ಪುಟದ ಪುಸ್ತಕ ಎಂಟನೆಯ ಫಾರಮ್ಮಿಗೆ ಬಂತೆಂದರೆ ಕಂಪಾಸಿಟರ್‌ನ ಕೈ ಮತ್ತೆ ಮತ್ತೆ ಒಂದೇ ಖಾನೆಗೆ ಹೋಗಬೇಕಾಗುತ್ತಿತ್ತು. ಅದು 1ರ ಖಾನೆ. ಹದಿನಾರು ಪುಟದ ಫಾರಂ ಎಂದಿಟ್ಟುಕೊಂಡರೆ ಎಂಟನೆಯದು 113ನೆಯ ಪುಟದಿಂದ 128ರವರೆಗೆ. ಆ ಹದಿನಾರು ಪುಟಗಳಿಗೆ ಸಂಖ್ಯೆ ಕೂರಿಸಲು 48 ಮೊಳೆ ಬೇಕು. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 24 ಮೊಳೆ, ಬರೀ ಒಂದು. ಸೊನ್ನೆ ಬೇಕಾಗುವುದು ಒಂದೇ ಒಂದು ಸಲ, 120ನೆಯ ಪುಟದ ಕೊನೆಗೆ.

ಇನ್ನೂರು ಪುಟಗಳ ಪುಸ್ತಕಕ್ಕೆ ಪುಟಸಂಖ್ಯೆ ಹಾಕಲು ಒಟ್ಟು ಎಷ್ಟು ಅಂಕಿ ಬೇಕು ಎಂಬ ಪ್ರಶ್ನೆಯನ್ನು ಮಕ್ಕಳ ಗಣಿತದ ಪುಸ್ತಕಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಪಿಡಿಗಳಲ್ಲೂ ಕಾಣಬಹುದು. ಅಲ್ಲಿ ಅದು ಎರಡು ಸಾಲಿನ ಲೆಕ್ಕ. ಆದರೆ ಒಂದೊಂದು ಅಂಕಿಯೂ ಒಂದೊಂದು ಸೀಸದ ತುಂಡಾಗಿದ್ದ ಅಚ್ಚುಕೂಟದಲ್ಲಿ ಇದನ್ನು ಕೈಯಲ್ಲಿ ಹಿಡಿದು ಎಣಿಸಬಹುದಿತ್ತು. ಈ ಲೆಕ್ಕ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೊದಲು ಒಂದು ಮಾತು ಬಿಡಿಸಿಕೊಳ್ಳಬೇಕು. ಅಂಕಿ ಬೇರೆ, ಸಂಖ್ಯೆ ಬೇರೆ. ಅಂಕಿಗಳಿರುವುದು ಹತ್ತೇ, ಸೊನ್ನೆಯಿಂದ ಒಂಬತ್ತರವರೆಗೆ. 137 ಎಂಬುದು ಒಂದು ಸಂಖ್ಯೆ, ಅದನ್ನು ಬರೆಯಲು ಮೂರು ಅಂಕಿ ಬೇಕು. ಕನ್ನಡದ ೧, ೩, ೭ ಬಳಸಿದರೂ ಮೂರೇ. ಎರಡು ಬರಹಗಳಲ್ಲೂ ಬಿಡಿ, ಹತ್ತು, ನೂರು ಎಂಬ ಸ್ಥಾನಗಳ ಏರ್ಪಾಡು ಒಂದೇ ಆದ್ದರಿಂದ ಯಾವ ಲಿಪಿಯ ಅಂಕಿ ಹಾಕಿದರೂ ಉತ್ತರ ಬದಲಾಗುವುದಿಲ್ಲ.

ಇನ್ನು ಎಣಿಸೋಣ. 1ರಿಂದ 9ರವರೆಗಿನ ಪುಟಗಳಿಗೆ ಒಂದೊಂದೇ ಅಂಕಿ, ಒಟ್ಟು 9. ಹತ್ತನೆಯ ಪುಟದಿಂದ 99ರವರೆಗೆ ತೊಂಬತ್ತು ಪುಟಗಳು, ತಲಾ ಎರಡು ಅಂಕಿ, ಒಟ್ಟು 180. ನೂರರಿಂದ ಇನ್ನೂರರವರೆಗೆ ನೂರಾ ಒಂದು ಪುಟಗಳು, ತಲಾ ಮೂರು ಅಂಕಿ, ಒಟ್ಟು 303. ಮೂರನ್ನೂ ಕೂಡಿದರೆ 492.

ಇಷ್ಟೇ. ಆದರೂ ಈ ಲೆಕ್ಕದಲ್ಲಿ ಮುಗ್ಗರಿಸುವವರು ಬಹಳ. ಹೆಚ್ಚಿನವರು ಎಡವುವುದು ಕೊನೆಯ ಮೆಟ್ಟಿಲಲ್ಲಿ. ಇನ್ನೂರರಲ್ಲಿ ನೂರು ಕಳೆದರೆ ನೂರು, ನೂರು ಪುಟಕ್ಕೆ ಮುನ್ನೂರು ಅಂಕಿ ಎಂದು ಬರೆದು 489 ಎಂಬ ಉತ್ತರ ಕೊಡುತ್ತಾರೆ. ತಪ್ಪಾಗಿರುವುದು ಗುಣಾಕಾರದಲ್ಲಲ್ಲ, ಕಳೆಯುವುದರಲ್ಲಿ. 200ರಲ್ಲಿ 100 ಕಳೆದಾಗ ನೂರನೆಯ ಪುಟವೇ ಎಣಿಕೆಯಿಂದ ಬಿದ್ದುಹೋಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕಿದವರು ಐದರಲ್ಲಿ ಒಂದು ಕಳೆದು ನಾಲ್ಕೇ ದಿನ ಎಂದುಕೊಂಡ ಹಾಗೆ. ಎರಡೂ ತುದಿಗಳನ್ನು ಸೇರಿಸಿ ಎಣಿಸುವಾಗ, ಕಳೆದ ಮೇಲೆ ಒಂದನ್ನು ಕೂಡಲೇಬೇಕು. ಹತ್ತರಿಂದ ತೊಂಬತ್ತೊಂಬತ್ತರ ಗುಂಪಿನಲ್ಲೂ ಇದೇ ಗುಂಡಿಯಿದೆ. ಅಲ್ಲಿ 89 ಎಂದು ಎಣಿಸಿದವರ ಮೊತ್ತದಲ್ಲಿ ಎರಡು ಅಂಕಿ ಕಡಿಮೆಯಾಗುತ್ತದೆ. ಉತ್ತರ ಮೂರರಷ್ಟು ತಪ್ಪಿದ್ದರೆ ನೂರರ ಗುಂಪಿನಲ್ಲಿ, ಎರಡರಷ್ಟು ತಪ್ಪಿದ್ದರೆ ಹತ್ತರ ಗುಂಪಿನಲ್ಲಿ ಒಂದು ಪುಟ ಕಳೆದುಹೋಗಿದೆ ಎಂದು ಮೊದಲು ಅನುಮಾನಿಸಬೇಕು.

ಸರಿಯಾಗಿದೆಯೇ ಎಂದು ನೋಡಲು ಇನ್ನೊಂದು ದಾರಿಯಿದೆ, ಅದು ಮೊದಲನೆಯದಕ್ಕಿಂತ ಚೆಂದ. ಎಲ್ಲ ಪುಟಗಳಿಗೂ ಮೂರು ಅಂಕಿಯ ಸಂಖ್ಯೆಯನ್ನೇ ಹಾಕಿದೆವೆಂದು ಭಾವಿಸಿ: 001, 002, 003, ಹೀಗೆ 200ರವರೆಗೆ. ಇನ್ನೂರು ಪುಟ, ತಲಾ ಮೂರು, ಒಟ್ಟು 600 ಅಂಕಿ. ಈಗ ಎಡಗಡೆ ಸುಮ್ಮನೆ ಕೂತಿರುವ ಸೊನ್ನೆಗಳನ್ನು ಕಿತ್ತುಹಾಕಬೇಕು. ಮೊದಲ ಒಂಬತ್ತು ಪುಟಗಳಲ್ಲಿ ಎರಡೆರಡು, ಅಂದರೆ 18. ಮುಂದಿನ ತೊಂಬತ್ತು ಪುಟಗಳಲ್ಲಿ ಒಂದೊಂದು, ಅಂದರೆ 90. ಒಟ್ಟು 108. ಆರುನೂರರಲ್ಲಿ ನೂರೆಂಟು ಹೋದರೆ 492. ಇಲ್ಲಿ ನೂರರಿಂದ ಇನ್ನೂರರ ನಡುವೆ ಎಷ್ಟು ಪುಟ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ, ಹಾಗಾಗಿ 489ಕ್ಕೆ ಜಾರುವ ಭಯವೂ ಇಲ್ಲ. ನೂರರಿಂದ 999 ಪುಟದವರೆಗಿನ ಯಾವ ಪುಸ್ತಕಕ್ಕಾದರೂ ಇದೇ ಸಾಕು: ಪುಟಗಳನ್ನು ಮೂರರಿಂದ ಗುಣಿಸಿ 108 ಕಳೆಯಿರಿ. ಮುನ್ನೂರು ಪುಟಕ್ಕೆ 792, ಐನೂರು ಪುಟಕ್ಕೆ 1392.

ಹಿಂದುಮುಂದಾಗಿಯೂ ಇದನ್ನು ನಡೆಸಬಹುದು. ಪುಟಸಂಖ್ಯೆಗೆ 642 ಅಂಕಿ ಬಳಕೆಯಾದ ಪುಸ್ತಕದಲ್ಲಿ ಎಷ್ಟು ಪುಟ? 108 ಕೂಡಿದರೆ 750, ಮೂರರಿಂದ ಭಾಗಿಸಿದರೆ 250 ಪುಟ. ಸರಿಯಾಗಿ 500 ಅಂಕಿ ಬಳಕೆಯಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. 608ನ್ನು ಮೂರರಿಂದ ಭಾಗಿಸಿದಾಗ ಎರಡು ಉಳಿಯುತ್ತದೆ. ಒಂದರಿಂದ ಹಿಡಿದು ಬಿಡದೆ ಸಂಖ್ಯೆ ಹಾಕಿದ ಯಾವ ಪುಸ್ತಕದಲ್ಲೂ ಸರಿಯಾಗಿ ಐನೂರು ಅಂಕಿ ಬರಲು ಸಾಧ್ಯವೇ ಇಲ್ಲ.

492 ಎಂಬುದು ಒಟ್ಟು ಮೊತ್ತ. ಅಚ್ಚುಕೂಟದವರಿಗೆ ಅದಕ್ಕಿಂತ ಮುಖ್ಯವಾದದ್ದು ಯಾವ ಅಂಕಿ ಎಷ್ಟು ಎಂಬುದು. ಮೊಳೆಗಳನ್ನು ತುಂಬಿಡುವ ಕೇಸಿನಲ್ಲಿ ಒಂದೊಂದು ಅಂಕಿಗೆ ಒಂದೊಂದು ಖಾನೆ. ಹತ್ತು ಅಂಕಿಗಳೂ ಸಮನಾಗಿ ಖರ್ಚಾಗುತ್ತವೆ ಎಂದುಕೊಂಡರೆ ತಲಾ 49 ಬೇಕಾದೀತು. ನಿಜವಾಗಿ ಎಣಿಸಿದರೆ ಚಿತ್ರ ಬೇರೆಯೇ ಆಗಿದೆ. 3ರಿಂದ 9ರವರೆಗಿನ ಏಳು ಅಂಕಿಗಳು ತಲಾ ನಲವತ್ತು ಸಲ ಬರುತ್ತವೆ. 2 ಬರುವುದು 41 ಸಲ, ಆ ಹೆಚ್ಚಿನ ಒಂದು ಕೊನೆಯ ಪುಟದ್ದು. ಸೊನ್ನೆ ಬರೀ 31 ಸಲ. 1 ಮಾತ್ರ 140 ಸಲ!

ಹೀಗೇಕೆ ಎಂಬುದು ಒಂದು ಅಂಕಿಯನ್ನು ಹಿಡಿದು ಹಿಂಬಾಲಿಸಿದರೆ ತಿಳಿಯುತ್ತದೆ. 7ನ್ನೇ ತೆಗೆದುಕೊಳ್ಳಿ. ಬಿಡಿ ಸ್ಥಾನದಲ್ಲಿ ಅದು ಹತ್ತು ಪುಟಕ್ಕೊಮ್ಮೆ ಬರುತ್ತದೆ: 7, 17, 27, ಕೊನೆಗೆ 197. ಇನ್ನೂರು ಪುಟದಲ್ಲಿ ಇಪ್ಪತ್ತು ಸಲ. ಹತ್ತರ ಸ್ಥಾನದಲ್ಲಿ 70ರಿಂದ 79ರವರೆಗೆ ಹತ್ತು, 170ರಿಂದ 179ರವರೆಗೆ ಹತ್ತು, ಅಲ್ಲೂ ಇಪ್ಪತ್ತು. ಒಟ್ಟು ನಲವತ್ತು. 1 ಕೂಡ ಈ ನಲವತ್ತನ್ನು ಎಲ್ಲರಂತೆಯೇ ಪಡೆಯುತ್ತದೆ. ಅದರ ಮೇಲೆ ನೂರರ ಸ್ಥಾನದಲ್ಲಿ, 100ರಿಂದ 199ರವರೆಗೆ, ಎಡೆಬಿಡದೆ ನೂರು ಪುಟಗಳ ನೆತ್ತಿಯ ಮೇಲೆ ಅದೊಂದೇ ಕೂರುತ್ತದೆ. ಸೊನ್ನೆಗೆ ಸಿಗುವುದು ಇದಕ್ಕೆ ತಿರುಗುಮುರುಗು. ಪುಟಸಂಖ್ಯೆಯ ಎಡತುದಿಯಲ್ಲಿ ಸೊನ್ನೆ ಬರೆಯುವ ರೂಢಿಯಿಲ್ಲ. ಮೊದಲ ಒಂಬತ್ತು ಪುಟಗಳಲ್ಲಿ ಅದರ ಸುಳಿವೇ ಇಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು ಹತ್ತನೆಯ ಪುಟದಲ್ಲಿ, ಆಮೇಲೆ ಹತ್ತು ಪುಟಕ್ಕೊಮ್ಮೆ, ಹೆಚ್ಚಾಗಿ ಗುಂಪುಗೂಡುವುದು 100ರಿಂದ 110ರ ನಡುವೆ ಮಾತ್ರ. ಆ ಹನ್ನೊಂದು ಪುಟಗಳಲ್ಲೇ ಹನ್ನೆರಡು ಸೊನ್ನೆ ಇವೆ.

ಹಾಗಾದರೆ ಅಚ್ಚುಕೂಟದ ಮಾಲೀಕ ಇನ್ನೂರು ಪುಟದ ಪುಸ್ತಕಕ್ಕಾಗಿ 1ರ ಮೊಳೆಯನ್ನು 140 ತರಿಸಬೇಕಿತ್ತೇ? ಇಲ್ಲ. ಪುಸ್ತಕವನ್ನು ಇಡಿಯಾಗಿ ಜೋಡಿಸಿಟ್ಟು ಅಚ್ಚು ಹಾಕುತ್ತಿರಲಿಲ್ಲ. ಕೆಲವು ಪುಟಗಳನ್ನು ಜೋಡಿಸಿ, ಕರಡು ತಿದ್ದಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಬೇಕಾದಷ್ಟು ಪ್ರತಿ ತೆಗೆದ ಮೇಲೆ ಮೊಳೆಗಳನ್ನು ತೊಳೆದು, ಬಿಚ್ಚಿ, ಅವವುಗಳ ಖಾನೆಗೆ ಹಂಚುತ್ತಿದ್ದರು. ಅದೇ ಮೊಳೆಗಳು ಮುಂದಿನ ಫಾರಮ್ಮಿಗೆ ಬರುತ್ತಿದ್ದವು. ಹಾಗಾಗಿ ಕೇಳಬೇಕಾದ ಪ್ರಶ್ನೆ, ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಬೇಕು ಎಂಬುದು. ಇನ್ನೂರು ಪುಟವೆಂದರೆ ಹದಿನಾರರ ಲೆಕ್ಕದಲ್ಲಿ ಹನ್ನೆರಡೂವರೆ ಫಾರಂ. ಮೊದಲ ಫಾರಮ್ಮಿಗೆ ಬೇಕಾದದ್ದು ಬರೀ 23 ಅಂಕಿ, ಅದರಲ್ಲಿ ಒಂಬತ್ತು 1. ಏಳನೆಯದು 97ರಿಂದ 112ರವರೆಗೆ. ಅಲ್ಲಿ 45 ಅಂಕಿ, ಹದಿನೆಂಟು 1, ಹನ್ನೆರಡು ಸೊನ್ನೆ. ಇಡೀ ಪುಸ್ತಕದಲ್ಲಿ ಸೊನ್ನೆಯ ಖಾನೆಗೆ ಅತಿ ಹೆಚ್ಚು ಕೈ ಹೋಗುವುದು ಈ ಫಾರಮ್ಮಿನಲ್ಲೇ. ಎಂಟನೆಯದರಲ್ಲಿ 1ರ ಸರದಿ, ಆಗಲೇ ಹೇಳಿದ ಇಪ್ಪತ್ತನಾಲ್ಕು. ಆ ಹದಿನಾರು ಪುಟಗಳ ಒಡಲಲ್ಲಿ ಇಸವಿಗಳೋ ಲೆಕ್ಕಪಟ್ಟಿಯೋ ಇದ್ದರೆ ಅದಕ್ಕೂ ಇದೇ ಮೊಳೆಗಳು ಬೇಕು. 1817, 1841 ಎಂಬ ಎರಡು ಇಸವಿ ಬಂದರೆ ಮತ್ತೆ ನಾಲ್ಕು 1 ಹೋಯಿತು. ಯಾವುದಾದರೂ ಮೊಳೆ ಕಡಿಮೆ ಬಿದ್ದರೆ ಹಿಂದಿನ ಫಾರಂ ಬಿಚ್ಚುವವರೆಗೆ ಕಾಯಬೇಕು.

ಇಲ್ಲಿ ಒಂದು ಹಾಳೆಯನ್ನು ಕೈಗೆತ್ತಿಕೊಂಡು ನೋಡುವುದು ಒಳ್ಳೆಯದು, ಏಕೆಂದರೆ ಈ ಅಂಕಿಗಳು ಓದುಗನಿಗಿಂತ ಮೊದಲು ಉಪಯೋಗಕ್ಕೆ ಬರುವುದು ಪುಸ್ತಕ ಕಟ್ಟುವವರಿಗೆ. ಒಂದು ಖಾಲಿ ಹಾಳೆಯನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಮಾಡಿ ಮೂರು ಸಲ ಅರ್ಧಕ್ಕೆ ಮಡಿಸಿ. ಎಂಟು ಎಲೆಗಳ, ಹದಿನಾರು ಪುಟಗಳ ಪುಟ್ಟ ಕಟ್ಟು ಸಿಗುತ್ತದೆ. ಅಂಚು ಕತ್ತರಿಸದೆ, ಮಡಿಕೆಗಳನ್ನು ಬೆರಳಲ್ಲಿ ಎತ್ತಿ ಎತ್ತಿ, ಪುಸ್ತಕದ ಪುಟ ತಿರುವಿದ ಕ್ರಮದಲ್ಲೇ ಮೂಲೆಗೆ 1ರಿಂದ 16ರವರೆಗೆ ಬರೆಯಿರಿ. ಈಗ ಹಾಳೆಯನ್ನು ಪೂರ್ತಿ ಬಿಡಿಸಿ ಹಾಸಿ. ಒಂದು ಮಗ್ಗುಲಲ್ಲಿ 1, 4, 5, 8, 9, 12, 13, 16 ಇರುತ್ತವೆ, ಕೆಲವು ತಲೆಕೆಳಗಾಗಿ. ಉಳಿದ ಎಂಟು ಹಿಂದಿನ ಮಗ್ಗುಲಲ್ಲಿ. 1ರ ಪಕ್ಕ 16, 4ರ ಪಕ್ಕ 13, 5ರ ಪಕ್ಕ 12, 8ರ ಪಕ್ಕ 9. ಯಾವ ಜೋಡಿಯನ್ನು ಕೂಡಿದರೂ 17.

ಮೊಳೆಗಳ ಪುಟಗಳನ್ನು ಅಚ್ಚಿನ ಮಂಚದ ಮೇಲೆ ಇಡಬೇಕಾದದ್ದು ಈ ಚೆಲ್ಲಾಪಿಲ್ಲಿ ಕ್ರಮದಲ್ಲೇ. ಹಾಳೆ ಮಡಿಸಿದಾಗ ಮಾತ್ರ ಅವು ಸಾಲಾಗಿ ಬರುತ್ತವೆ. ಎಂಟನೆಯ ಫಾರಮ್ಮಿನಲ್ಲಿ ಅಕ್ಕಪಕ್ಕದ ಜೋಡಿಗಳ ಮೊತ್ತ 241: 113 ಮತ್ತು 128, 116 ಮತ್ತು 125, 117 ಮತ್ತು 124, 120 ಮತ್ತು 121. ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಕೂಡಿ ಬಂದ ಮೊತ್ತ ಎಲ್ಲ ಜೋಡಿಗೂ ಹೊಂದದಿದ್ದರೆ ಎಲ್ಲೋ ಒಂದು ಪುಟ ಅದಲುಬದಲಾಗಿದೆ ಎಂದರ್ಥ. ಪುಟಸಂಖ್ಯೆ ಇರುವುದರಿಂದಲೇ ಈ ಪರೀಕ್ಷೆ ಸಾಧ್ಯ. 121ರ ಬದಲು 112 ಎಂದು ಮೊಳೆ ಹಿಂದುಮುಂದಾಗಿ ಕೂತಿದ್ದರೂ ಇದೇ ಕೂಡುವ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಮನೆಯ ಕಪಾಟಿನಿಂದ ಇನ್ನೂರು ಪುಟದ ಪುಸ್ತಕ ತೆಗೆದು ಅಂಕಿಗಳನ್ನು ಎಣಿಸಲು ಕೂತವರಿಗೆ 492 ಸಿಗುವುದು ಅಪರೂಪ ಎಂಬುದನ್ನೂ ಹೇಳಬೇಕು. ಪುಸ್ತಕದ ಹೆಸರಿರುವ ಪುಟ, ಹಕ್ಕುಗಳ ವಿವರದ ಪುಟ, ಅರ್ಪಣೆ, ಖಾಲಿ ಬಿಟ್ಟ ಪುಟ, ಇವುಗಳ ಮೇಲೆ ಸಂಖ್ಯೆ ಅಚ್ಚಾಗುವುದಿಲ್ಲ, ಆದರೆ ಎಣಿಕೆಗೆ ಸೇರಿರುತ್ತವೆ. ಅಧ್ಯಾಯ ಶುರುವಾಗುವ ಪುಟದಲ್ಲೂ ಹಲವರು ಸಂಖ್ಯೆ ಹಾಕುವುದಿಲ್ಲ. ಒಂದು ಪುಸ್ತಕದಲ್ಲಿ ಮೊದಲ ಎಂಟು ಪುಟಗಳಿಗೆ ಸಂಖ್ಯೆಯಿಲ್ಲ, ಹತ್ತು ಅಧ್ಯಾಯಗಳು 9, 27, 45, 68, 91, 112, 134, 151, 170, 186ನೆಯ ಪುಟಗಳಲ್ಲಿ ಸಂಖ್ಯೆಯಿಲ್ಲದೆ ಆರಂಭವಾಗುತ್ತವೆ ಎಂದಿಟ್ಟುಕೊಳ್ಳಿ. ಆಗ ಮೊದಲಲ್ಲಿ ಎಂಟು, ಅಧ್ಯಾಯಗಳಲ್ಲಿ ಇಪ್ಪತ್ತನಾಲ್ಕು, ಒಟ್ಟು 32 ಅಂಕಿ ಉಳಿಯುತ್ತವೆ. ಕಾಗದದ ಮೇಲೆ ಬೀಳುವುದು 460.

ಹೆಚ್ಚಾಗುವ ಪುಸ್ತಕಗಳೂ ಇವೆ. ಹಳೆಯ ಕನ್ನಡ ಪುಸ್ತಕಗಳ ಮುನ್ನುಡಿಗೆ ರೋಮನ್ ಸಂಖ್ಯೆ ಹಾಕಿ, ಮುಖ್ಯ ಭಾಗಕ್ಕೆ ಹೊಸದಾಗಿ 1ರಿಂದ ಎಣಿಸಿರುವುದನ್ನು ನೋಡಿರುತ್ತೇವೆ. ಇದು ಅಲಂಕಾರಕ್ಕಾಗಿ ಬಂದದ್ದಲ್ಲ. ಮುನ್ನುಡಿ ಬರೆಯುವವರು ಪುಸ್ತಕ ಓದಿದ ಮೇಲಲ್ಲವೇ ಬರೆಯುವುದು? ಅಷ್ಟು ಹೊತ್ತಿಗೆ ಒಳಗಿನ ಪುಟಗಳು ಅಚ್ಚಾಗಿ, ಮೊಳೆಗಳೂ ಖಾನೆಗೆ ಮರಳಿರುತ್ತಿದ್ದವು. ಮುನ್ನುಡಿ ನಾಲ್ಕು ಪುಟವಾಗುತ್ತದೋ ಹದಿನಾಲ್ಕು ಪುಟವಾಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬೇರೆ ಎಣಿಕೆ ಇಟ್ಟರೆ ಎಷ್ಟಾದರೂ ತೊಂದರೆಯಿಲ್ಲ. ಹನ್ನೆರಡು ಪುಟದ ಮುನ್ನುಡಿಗೆ ರೋಮನ್ ರೀತಿಯಲ್ಲಿ 26 ಅಕ್ಷರ ಬೇಕು, ನಮ್ಮ ಅಂಕಿಗಳಲ್ಲಾದರೆ 15 ಸಾಕಿತ್ತು. ಇನ್ನೂರು ಪುಟಕ್ಕೂ ರೋಮನ್ ಸಂಖ್ಯೆಯನ್ನೇ ಹಾಕಿದ್ದರೆ 902 ಮೊಳೆ ಬೇಕಾಗುತ್ತಿತ್ತು. 188 ಎಂಬ ಮೂರು ಅಂಕಿಯ ಜಾಗದಲ್ಲಿ ಅಲ್ಲಿ ಒಂಬತ್ತು ಅಕ್ಷರಗಳ ಸಾಲು. ಸ್ಥಾನಬೆಲೆ ಮತ್ತು ಸೊನ್ನೆ ಉಳಿಸಿಕೊಡುವುದು ಎಷ್ಟೆಂದು ಅಳೆಯಲು ಇದಕ್ಕಿಂತ ಕೈಗೆಟಕುವ ಉದಾಹರಣೆ ಸಿಗುವುದು ಕಷ್ಟ.

ಅಸಲಿಗೆ ಪ್ರತಿ ಪುಟಕ್ಕೂ ಒಂದು ಸಂಖ್ಯೆ ಎಂಬುದೇ ತಡವಾಗಿ ಬಂದ ಅಭ್ಯಾಸ. ತಾಳೆಗರಿಯ ಗ್ರಂಥಗಳಲ್ಲಿ ಎಣಿಕೆ ಇದ್ದದ್ದು ಗರಿಗೆ, ಅದರ ಎರಡು ಮಗ್ಗುಲಿಗೆ ಪ್ರತ್ಯೇಕವಾಗಿ ಅಲ್ಲ. ಯುರೋಪಿನ ಕೈಬರಹದ ಪುಸ್ತಕಗಳಲ್ಲೂ ಸಂಖ್ಯೆ ಹಾಕುವುದಿದ್ದರೆ ಹೆಚ್ಚಾಗಿ ಎಲೆಗೇ ಹಾಕುತ್ತಿದ್ದರು. ಅಚ್ಚಾದ ಪುಸ್ತಕದ ಎಲೆಗಳ ಮೇಲೆ ಸಂಖ್ಯೆಯೂ ಅಚ್ಚಾದದ್ದು 1470ರ ಸುಮಾರಿಗೆ, ಜರ್ಮನಿಯ ಕಲೋನ್ ನಗರದಲ್ಲಿ, ಆರ್ನಾಲ್ಡ್ ಥೆರ್‌ಹೋರ್ನೆನ್ ಎಂಬ ಮುದ್ರಕನ ಅಚ್ಚುಕೂಟದಿಂದ. ಎಲೆಯ ಎರಡೂ ಬದಿಗೆ, ಅಂದರೆ ಪ್ರತಿ ಪುಟಕ್ಕೂ, ಸಂಖ್ಯೆ ಕೊಟ್ಟ ಮೊದಮೊದಲ ಪುಸ್ತಕಗಳಲ್ಲಿ ಒಂದು ವೆನಿಸ್ಸಿನ ಆಲ್ಡಸ್ ಮನುಟಿಯಸ್ 1499ರಲ್ಲಿ ಅಚ್ಚು ಹಾಕಿದ, ನಿಕೊಲೊ ಪೆರೊಟ್ಟಿಯ ಕಾರ್ನುಕೋಪಿಯಾ. ಅದು ಲ್ಯಾಟಿನ್ ಪದಗಳ ದೊಡ್ಡ ವಿವರಣಾಗ್ರಂಥ. ಪದ ಹುಡುಕುವವರಿಗೆ ಪುಟ ಮಾತ್ರವಲ್ಲ, ಸಾಲೂ ಸಿಗಲೆಂದು ಅದರಲ್ಲಿ ಸಾಲುಗಳಿಗೂ ಸಂಖ್ಯೆ ಹಾಕಿದ್ದರು.

ಎಲೆಗೊಂದೇ ಸಂಖ್ಯೆ ಹಾಕಿದರೆ ನಮ್ಮ ಇನ್ನೂರು ಪುಟದ ಪುಸ್ತಕಕ್ಕೆ ನೂರೇ ಸಂಖ್ಯೆ ಸಾಕು, ಅಂಕಿಗಳು 192. ಸಂಖ್ಯೆಗಳು ಅರ್ಧಕ್ಕೆ ಇಳಿದರೂ ಅಂಕಿಗಳು ಅರ್ಧಕ್ಕಿಂತ ಬಹಳ ಕೆಳಗೆ ಇಳಿಯುತ್ತವೆ. ಉಳಿಯುವ 300 ಅಂಕಿಗಳು 101ರಿಂದ 200ರವರೆಗಿನ ನೂರು ಸಂಖ್ಯೆಗಳವು, ಒಂದೊಂದೂ ಮೂರಂಕಿಯದು.

ಇಂದು ಪುಟಸಂಖ್ಯೆಗೆ ಮೊಳೆ ಬೇಡ. ಡಿಟಿಪಿ ಮಾಡುವವರು ಒಂದು ಗುರುತು ಇಟ್ಟರೆ ಸಾಕು, ಸಂಖ್ಯೆಗಳು ತಾವಾಗಿ ಬೀಳುತ್ತವೆ. ಆದರೂ ಆ ನೂರೆಂಟು ಸೊನ್ನೆಗಳು ಮತ್ತೆ ಬಂದು ನಿಂತಿವೆ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡುವವರು ಪುಟಕ್ಕೊಂದರಂತೆ ಇನ್ನೂರು ಚಿತ್ರ ತೆಗೆದು, ಅವಕ್ಕೆ `page_1.jpg`, `page_2.jpg` ಎಂದು ಹೆಸರಿಡುತ್ತಾರೆ. ಕೆಲವು ಕಂಪ್ಯೂಟರ್‌ಗಳು ಸಂಖ್ಯೆಯನ್ನು ಸಂಖ್ಯೆಯಾಗಿಯೇ ಓದಿ ಸರಿಯಾಗಿ ಸಾಲು ಹಚ್ಚುತ್ತವೆ. ಆದರೆ ಹಲವು ತಂತ್ರಾಂಶಗಳು ಹೆಸರನ್ನು ನಿಘಂಟಿನಂತೆ, ಎಡದಿಂದ ಒಂದೊಂದೇ ಅಕ್ಷರ ನೋಡಿ ಜೋಡಿಸುತ್ತವೆ. ಅವುಗಳ ಕಣ್ಣಿಗೆ 1 ಆದ ಮೇಲೆ 10, ಆಮೇಲೆ 100, 101, 102. ಆ ಕ್ರಮದಲ್ಲೇ ಪಿಡಿಎಫ್ ಕಟ್ಟಿದರೆ ಮೊದಲ ಪುಟ ಮುಗಿಸಿದ ಓದುಗ ಹತ್ತನೆಯ ಪುಟಕ್ಕೆ, ಅಲ್ಲಿಂದ ನೂರಕ್ಕೆ ಹಾರುತ್ತಾನೆ.

ಎರಡನೆಯ ಪುಟ ಎಲ್ಲಿಗೆ ಹೋಯಿತು? ಎಣಿಸಿ ನೋಡಬಹುದು. 1ರಿಂದ ಶುರುವಾಗುವ ಎಲ್ಲ ಹೆಸರೂ ಅದರ ಮುಂದೆ ನಿಂತಿವೆ: ಒಂದಂಕಿಯದು 1, ಎರಡಂಕಿಯವು ಹತ್ತು, ಮೂರಂಕಿಯವು ನೂರು, ಒಟ್ಟು 111. ಹಾಗಾಗಿ ಪುಸ್ತಕದ ಎರಡನೆಯ ಪುಟ ಸಿಗುವುದು ನೂರಾ ಹನ್ನೆರಡನೆಯ ಜಾಗದಲ್ಲಿ. ಕಟ್ಟಕಡೆಗೆ ಬರುವುದು ಇನ್ನೂರನೆಯ ಪುಟವಲ್ಲ, 99. ಇದನ್ನು ಸರಿಪಡಿಸುವುದು ಸುಲಭ. `page_001.jpg` ಎಂದು ಶುರುಮಾಡಿ ಎಲ್ಲ ಹೆಸರಿಗೂ ಮೂರಂಕಿ ಕೊಟ್ಟರೆ ಎಲ್ಲ ಪುಟಗಳೂ ಸಾಲಿಗೆ ಬರುತ್ತವೆ. ಹಾಗೆ ಮಾಡುವವರು ಪ್ರತಿ ಇನ್ನೂರು ಪುಟಕ್ಕೂ ಬರೆಯುವುದು 492 ಅಂಕಿಗಳನ್ನಲ್ಲ, ಆರುನೂರನ್ನು.